ಮುಂದೆ ‘ಶುಗರ್ ಫ್ರೀ’, ಹಿಂದೆ ಕಾರ್ಬೋಹೈಡ್ರೇಟ್: ಲೇಬಲ್ ನಿಯಮ ರೂಪಿಸುವವರಿಗೊಂದು ಬಹಿರಂಗ ಪತ್ರ

ಆಹಾರ ಲೇಬಲ್‌ಗಳ ನಿಯಮ ರೂಪಿಸುವ ಅಧಿಕಾರಿಗಳಿಗೆ, ಮತ್ತು ಆ ಲೇಬಲ್‌ಗಳನ್ನು ನಂಬಿ ಪ್ಯಾಕೆಟ್ ಕೊಳ್ಳುವ ಮಧುಮೇಹಿಗಳಿಗೆ,

ಮಾನ್ಯರೇ,

‘ಶುಗರ್ ಫ್ರೀ’ ಎಂದು ಬರೆದುಕೊಂಡ ಬಿಸ್ಕತ್ತಿನ ಪ್ಯಾಕೆಟ್ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಪ್ರಯೋಗಾಲಯಕ್ಕೆ ಕಳಿಸಿ ನೋಡಿದರೆ ಅದರಲ್ಲಿ ಸಕ್ಕರೆ ಇಲ್ಲವೇ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ ಎಂಬ ಫಲಿತಾಂಶವೇ ಬರುತ್ತದೆ. ಆದರೆ ಆ ಎರಡು ಪದ ಓದಿದ ಮಧುಮೇಹಿ ಅರ್ಥ ಮಾಡಿಕೊಳ್ಳುವುದು ‘ಇದರಲ್ಲಿ ಸಕ್ಕರೆ ಇಲ್ಲ’ ಎಂದಲ್ಲ, ‘ಇದನ್ನು ತಿಂದರೆ ನನ್ನ ಶುಗರ್ ಏರುವುದಿಲ್ಲ’ ಎಂದು. ಮೊದಲನೆಯದು ನಿಜ, ಎರಡನೆಯದು ಬಹುಪಾಲು ನಿಜವಲ್ಲ. ಈ ಎರಡರ ನಡುವಿನ ಅಂತರದಲ್ಲೇ ಈ ಸರಕಿನ ವ್ಯಾಪಾರ ನಡೆಯುತ್ತಿದೆ. ಆ ಅಂತರ ಎಷ್ಟು ದೊಡ್ಡದು, ಕೊಳ್ಳುವವರು ಅದನ್ನು ಪ್ಯಾಕೆಟ್ಟಿನ ಮೇಲೇ ಹೇಗೆ ಪತ್ತೆ ಹಚ್ಚಬಹುದು, ಅದನ್ನು ಮುಚ್ಚಲು ನೀವು ಏನು ಮಾಡಬೇಕು ಎಂಬುದನ್ನು ಹೇಳಲು ಈ ಪತ್ರ.

ಲೇಬಲ್ಲಿನ ಭಾಷೆಯಲ್ಲಿ ‘ಸಕ್ಕರೆ’ ಎಂದರೆ ಗ್ಲೂಕೋಸ್, ಫ್ರಕ್ಟೋಸ್‌ನಂಥ ಒಂಟಿ ಅಣುಗಳು ಮತ್ತು ನಾವು ಚಹಾಕ್ಕೆ ಹಾಕುವ ಸಕ್ಕರೆ, ಹಾಲಿನ ಲ್ಯಾಕ್ಟೋಸ್, ಮಾಲ್ಟೋಸ್‌ನಂಥ ಜೋಡಿ ಅಣುಗಳು ಮಾತ್ರ. ಮೂರನೆಯ ಅಣು ಸೇರಿಕೊಂಡ ಕೂಡಲೇ ಅದು ‘ಸಕ್ಕರೆ’ ಸಾಲಿನಿಂದ ಹೊರಗೆ. ಹಿಟ್ಟಿನಲ್ಲಿರುವ ಪಿಷ್ಟ ನೂರಾರು, ಸಾವಿರಾರು ಗ್ಲೂಕೋಸ್ ಅಣುಗಳ ಸರಪಳಿ. ಅದನ್ನು ‘ಸಕ್ಕರೆ’ ಸಾಲಿನಲ್ಲಿ ಎಣಿಸುವುದಿಲ್ಲ, ಕರುಳು ಮಾತ್ರ ಅದನ್ನು ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಬಿಡುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಬಿಳಿಪುಡಿಯದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಪಿಷ್ಟವನ್ನು ಕಿಣ್ವ ಅಥವಾ ಆಮ್ಲದಿಂದ ತುಂಡು ಮಾಡಿ ಅದನ್ನು ತಯಾರಿಸುತ್ತಾರೆ. ಸರಪಳಿ ಚಿಕ್ಕದು, ಆದರೆ ಬಹುಪಾಲು ಎರಡು ಕೊಂಡಿಗಿಂತ ಉದ್ದ. ಹಾಗಾಗಿ ಲೇಬಲ್ಲಿನಲ್ಲಿ ಅದರ ಹೆಚ್ಚಿನ ಪಾಲು ‘ಸಕ್ಕರೆ’ ಅಲ್ಲ. ಆದರೆ ಅದು ರಕ್ತದ ಶುಗರನ್ನು ಹೆಚ್ಚುಕಡಿಮೆ ಗ್ಲೂಕೋಸ್‌ನಷ್ಟೇ ವೇಗವಾಗಿ ಏರಿಸುತ್ತದೆ, ಅಂದರೆ ಚಹಾದ ಸಕ್ಕರೆಗಿಂತಲೂ ಜೋರಾಗಿ. ಸಕ್ಕರೆ ತೆಗೆದ ಜಾಗದಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ತುಂಬಿ ‘ಶುಗರ್ ಫ್ರೀ’ ಎಂದು ಬರೆದರೆ ನಿಯಮ ಪಾಲಿಸಿದಂತೆಯೇ ಆಗುತ್ತದೆ, ತಿಂದವರ ಶುಗರ್ ಏರುವುದು ಮಾತ್ರ ತಪ್ಪುವುದಿಲ್ಲ.

ಮಾತಿಗೆ ಬದಲು ಒಂದು ಪ್ಯಾಕೆಟ್ಟನ್ನೇ ತಿರುಗಿಸಿ ನೋಡೋಣ. ಇದು ಯಾವುದೇ ಒಂದು ಕಂಪನಿಯದಲ್ಲ, ಈ ಬಗೆಯ ಸರಕಿನಲ್ಲಿ ಕಾಣುವ ಅಂಕಿಗಳನ್ನು ಹೋಲುವಂತೆ ನಾವೇ ಜೋಡಿಸಿದ ಉದಾಹರಣೆ. ಮುಂಭಾಗದಲ್ಲಿ ‘ಶುಗರ್ ಫ್ರೀ’, ಕೆಳಗೆ ‘ಡಯಾಬಿಟಿಕ್ ಫ್ರೆಂಡ್ಲಿ’. ಹಿಂಭಾಗದ ಪಟ್ಟಿಯಲ್ಲಿ 100 ಗ್ರಾಂಗೆ: ಶಕ್ತಿ 440 ಕಿಲೋಕ್ಯಾಲರಿ, ಪ್ರೋಟೀನ್ 7 ಗ್ರಾಂ, ಕಾರ್ಬೋಹೈಡ್ರೇಟ್ 65 ಗ್ರಾಂ, ಅದರಲ್ಲಿ ಸಕ್ಕರೆ 0.4 ಗ್ರಾಂ, ಪಾಲಿಯೋಲ್ 18 ಗ್ರಾಂ, ಕೊಬ್ಬು 19 ಗ್ರಾಂ, ನಾರಿನಂಶ 5 ಗ್ರಾಂ. ಪಕ್ಕದಲ್ಲಿ ಮಾಮೂಲಿ ಸಿಹಿ ಬಿಸ್ಕತ್ತು ಇಡಿ: ಶಕ್ತಿ 484 ಕಿಲೋಕ್ಯಾಲರಿ, ಕಾರ್ಬೋಹೈಡ್ರೇಟ್ 68 ಗ್ರಾಂ, ಅದರಲ್ಲಿ ಸಕ್ಕರೆ 22 ಗ್ರಾಂ, ಕೊಬ್ಬು 20 ಗ್ರಾಂ.

‘ಸಕ್ಕರೆ’ ಸಾಲು ಮಾತ್ರ ಓದಿದರೆ 22 ಎಲ್ಲಿ, 0.4 ಎಲ್ಲಿ! ಅದರ ಮೇಲಿನ ಸಾಲು ಓದಿದರೆ 68 ಮತ್ತು 65. ಮಧುಮೇಹಿ ಮೊದಲು ನೋಡಬೇಕಾದದ್ದು ಈ ಮೇಲಿನ ಸಾಲನ್ನೇ, ಅಂದರೆ ಒಟ್ಟು ಕಾರ್ಬೋಹೈಡ್ರೇಟ್. ‘ಸಕ್ಕರೆ’ ಎಂಬುದು ಅದರೊಳಗಿನ ಒಂದು ಪಾಲು ಅಷ್ಟೇ.

ಇನ್ನು ಪಾಲಿಯೋಲ್. ಮಾಲ್ಟಿಟಾಲ್, ಸಾರ್ಬಿಟಾಲ್, ಐಸೋಮಾಲ್ಟ್, ಜೈಲಿಟಾಲ್, ಎರಿಥ್ರಿಟಾಲ್ ಇವೆಲ್ಲ ಈ ಗುಂಪಿನವು. ಸಿಹಿ ಇರುತ್ತದೆ, ಬಿಸ್ಕತ್ತು ಚಾಕೊಲೇಟ್‌ಗಳಿಗೆ ಸಕ್ಕರೆ ಕೊಡುವ ಗಾತ್ರವನ್ನೂ ಕೊಡುತ್ತವೆ, ಕರುಳು ಮಾತ್ರ ಅವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಎರಿಥ್ರಿಟಾಲ್ ಗ್ಲೂಕೋಸ್ ಏರಿಸುವುದಿಲ್ಲವೆಂದೇ ಹೇಳಬಹುದು, ಏಕೆಂದರೆ ಅದು ರಕ್ತಕ್ಕೆ ಹೋದರೂ ಬಳಕೆಯಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಬಿಸ್ಕತ್ತು, ಚಾಕೊಲೇಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಮಾಲ್ಟಿಟಾಲ್ ಹಾಗಲ್ಲ. ಅದರೊಳಗೇ ಒಂದು ಗ್ಲೂಕೋಸ್ ಅಣು ಅಂಟಿಕೊಂಡಿದೆ, ಕರುಳಿನಲ್ಲಿ ಒಂದಷ್ಟು ಬಿಡಿಸಿಕೊಂಡು ರಕ್ತ ಸೇರುತ್ತದೆ. ಮಾಲ್ಟಿಟಾಲ್ ಸಿರಪ್ ಇನ್ನೂ ಹೆಚ್ಚು ಏರಿಸುತ್ತದೆ, ಏಕೆಂದರೆ ಸಿರಪ್‌ನಲ್ಲಿ ಉದ್ದ ಸರಪಳಿಗಳೂ ಬೆರೆತಿರುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಕೊಟ್ಟಿದ್ದರೆ ಮಾಲ್ಟಿಟಾಲ್‌ಗೆ 965, ಸಾರ್ಬಿಟಾಲ್‌ಗೆ 420, ಎರಿಥ್ರಿಟಾಲ್‌ಗೆ 968 ಎಂದು ಗುರುತಿಟ್ಟುಕೊಳ್ಳಿ.

ಪಾಲಿಯೋಲ್ ಒಂದು ಸಲಕ್ಕೆ 5 ಗ್ರಾಂಗಿಂತ ಹೆಚ್ಚು ಒಳಹೋಗುವುದಾದರೆ ಅದರ ಅರ್ಧವನ್ನು ಕಾರ್ಬೋಹೈಡ್ರೇಟ್ ಎಂದು ಎಣಿಸುವುದು ಪಥ್ಯಾಹಾರ ಸಲಹೆಗಾರರ ರೂಢಿಯ ಲೆಕ್ಕ. ಎರಿಥ್ರಿಟಾಲ್ ಒಂದನ್ನು ಪೂರ್ತಿ ಬಿಡಬಹುದು. ನಮ್ಮ ಪ್ಯಾಕೆಟ್ಟಿನಲ್ಲಿರುವುದು ಮಾಲ್ಟಿಟಾಲ್ ಎಂದುಕೊಳ್ಳೋಣ. 65ರಲ್ಲಿ 18 ತೆಗೆದರೆ 47, ಅದಕ್ಕೆ 18ರ ಅರ್ಧ 9 ಸೇರಿಸಿದರೆ 56. ಎಂದರೆ 100 ಗ್ರಾಂ ಬಿಸ್ಕತ್ತಿನಲ್ಲಿ ಎಣಿಸಬೇಕಾದ ಕಾರ್ಬೋಹೈಡ್ರೇಟ್ 56 ಗ್ರಾಂ, ಮಾಮೂಲಿ ಬಿಸ್ಕತ್ತಿನಲ್ಲಿ 68. ಕಡಿಮೆ ಇರುವುದು ನಿಜ, ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ತಟ್ಟೆಯಲ್ಲಿ ಅದು ಎಷ್ಟಾಗುತ್ತದೆ ನೋಡಿ. ಒಂದು ಬಿಸ್ಕತ್ತು ಏಳೂವರೆ ಗ್ರಾಂ ಇದ್ದು ಆರು ತಿಂದರೆ 45 ಗ್ರಾಂ. ಶುಗರ್ ಫ್ರೀ ಬಿಸ್ಕತ್ತಿನಿಂದ ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್, ಮಾಮೂಲಿಯಿಂದ ಸುಮಾರು 31 ಗ್ರಾಂ. ಉಳಿದದ್ದು ಐದಾರು ಗ್ರಾಂ. ‘ಇದು ನಮಗೆಂದೇ ಮಾಡಿದ್ದಲ್ಲವೇ’ ಎಂದು ಇನ್ನೆರಡು ಬಿಸ್ಕತ್ತು ತೆಗೆದುಕೊಂಡರೆ 60 ಗ್ರಾಂಗೆ 34 ಗ್ರಾಂ ಕಾರ್ಬೋಹೈಡ್ರೇಟ್ ಆಗಿ, ಆರು ಸಿಹಿ ಬಿಸ್ಕತ್ತನ್ನೂ ಮೀರಿಸುತ್ತದೆ. ಹಾಗೆ ಕೈ ಮುಂದೆ ಹೋಗುವಂತೆ ಮಾಡುವುದು ಮುಂಭಾಗದ ಆ ಎರಡು ಪದಗಳೇ. ಕ್ಯಾಲರಿಯ ಉಳಿತಾಯವೂ ಅಷ್ಟಕ್ಕಷ್ಟೇ, ಆರು ಬಿಸ್ಕತ್ತಿಗೆ ಇಪ್ಪತ್ತು ಕಿಲೋಕ್ಯಾಲರಿ.

ಅದೇ ಪ್ಯಾಕೆಟ್ಟಿನ ಮೇಲೆ ‘ನೆಟ್ ಕಾರ್ಬ್ 42 ಗ್ರಾಂ ಮಾತ್ರ’ ಎಂದೂ ಬರೆದಿರಬಹುದು. ಶುಗರ್ ಏರಿಸುವ ಕಾರ್ಬೋಹೈಡ್ರೇಟ್ ಇಷ್ಟೇ ಎಂದು ಹೇಳಿಕೊಳ್ಳುವ ಅಂಕಿ ಅದು. ಈ 42 ಬಂದ ದಾರಿ ಹೀಗೆ: 65ರಿಂದ ಪಾಲಿಯೋಲ್ ಪೂರ್ತಿ 18 ಕಳೆದು, ನಾರಿನ 5 ಕೂಡ ಕಳೆದದ್ದು. ಇದರಲ್ಲಿ ಎರಡು ತಪ್ಪುಗಳಿವೆ. ಮಾಲ್ಟಿಟಾಲನ್ನು ಪೂರ್ತಿ ಬಿಟ್ಟದ್ದು ಒಂದು. ಎರಡನೆಯದು ಬೇಗ ಕಣ್ಣಿಗೆ ಬೀಳದು. ಕೆಲವು ದೇಶಗಳ ಲೇಬಲ್ಲಿನಲ್ಲಿ ‘ಕಾರ್ಬೋಹೈಡ್ರೇಟ್’ ಎಂಬ ಅಂಕಿಯೊಳಗೇ ನಾರು ಸೇರಿರುತ್ತದೆ, ಅಮೆರಿಕದ ಪದ್ಧತಿ ಹೀಗೆ. ಯುರೋಪಿನ ಪದ್ಧತಿಯಲ್ಲಿ ನಾರನ್ನು ಮೊದಲೇ ಹೊರಗಿಟ್ಟು ಬೇರೆ ಸಾಲಿನಲ್ಲಿ ಕೊಡುತ್ತಾರೆ. ಹೊರಗಿಟ್ಟದ್ದನ್ನು ಮತ್ತೆ ಕಳೆದರೆ ಒಂದೇ ನಾರನ್ನು ಎರಡು ಸಲ ಕಳೆದಂತೆ.

ಯಾವ ಪದ್ಧತಿ ಎಂದು ಪ್ಯಾಕೆಟ್ ಹೇಳದಿದ್ದರೆ ಕ್ಯಾಲರಿಯೇ ಅದನ್ನು ಬಾಯಿಬಿಡಿಸುತ್ತದೆ. ಒಂದು ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಪಿಷ್ಟ ಮತ್ತು ಸಕ್ಕರೆಗೆ 4, ನಾರಿಗೆ 2, ಪಾಲಿಯೋಲ್‌ಗೆ 2.4 ಕಿಲೋಕ್ಯಾಲರಿ ಹಿಡಿಯಿರಿ, ಎರಿಥ್ರಿಟಾಲ್‌ಗೆ ಸೊನ್ನೆ. ನಮ್ಮ ಪ್ಯಾಕೆಟ್ಟಿನಲ್ಲಿ ಪ್ರೋಟೀನಿನಿಂದ 28, ಕೊಬ್ಬಿನಿಂದ 171, ಪಾಲಿಯೋಲ್‌ನಿಂದ 43, ನಾರಿನಿಂದ 10. ನಾರು 65ರ ಹೊರಗಿದೆ ಎಂದಾದರೆ ಪಿಷ್ಟ ಮತ್ತು ಸಕ್ಕರೆ 47 ಗ್ರಾಂ, ಅದರಿಂದ 188. ಕೂಡಿದರೆ 440. ಒಳಗಿದೆ ಎಂದಾದರೆ ಪಿಷ್ಟ ಮತ್ತು ಸಕ್ಕರೆ 42 ಗ್ರಾಂ, ಮೊತ್ತ 420. ಪ್ಯಾಕೆಟ್ ಹೇಳುವುದು 440. ಹಾಗಾದರೆ ನಾರು ಹೊರಗಿದೆ, ಅದನ್ನು ಕಳೆಯುವ ಹಕ್ಕು ಯಾರಿಗೂ ಇಲ್ಲ. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಒಂದು ನಿಮಿಷದ ಕೆಲಸ ಇದು. ಅಂಕಿಗಳನ್ನು ಹತ್ತಿರದ ಪೂರ್ಣಸಂಖ್ಯೆಗೆ ತರುವುದರಿಂದ ಐದಾರು ಕಿಲೋಕ್ಯಾಲರಿ ಆಚೀಚೆ ಆಗುವುದು ಸಹಜ, ಅದನ್ನು ಮೋಸ ಎನ್ನಬೇಡಿ. ಆದರೆ ಮೊತ್ತ ಎರಡೂ ಬಗೆಯಲ್ಲಿ ದೂರವೇ ಉಳಿದರೆ ಆ ಪಟ್ಟಿಯ ಯಾವ ಸಾಲನ್ನೂ ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು ‘ಸಕ್ಕರೆ ಸೇರಿಸಿಲ್ಲ’ ಎಂಬುದರ ಬಗ್ಗೆ. ಇದು ‘ಶುಗರ್ ಫ್ರೀ’ಗಿಂತ ತೀರಾ ಬೇರೆ, ಕೊಳ್ಳುವವರು ಎರಡನ್ನೂ ಒಂದೆಂದೇ ಓದುತ್ತಾರೆ. ಚೀಲದಿಂದ ಸಕ್ಕರೆ ಸುರಿಯಲಿಲ್ಲ ಎಂಬುದಷ್ಟೇ ಅನೇಕ ಸಲ ಇದರ ಅರ್ಥ. ಖರ್ಜೂರದ ಪೇಸ್ಟ್, ಗಟ್ಟಿ ಮಾಡಿದ ಹಣ್ಣಿನ ರಸ, ಮಾಲ್ಟ್ ಸಾರ ಹಾಕಿ ಸಿಹಿ ತರಬಹುದು. ಅದಕ್ಕಿಂತಲೂ ಕಾಣದ ದಾರಿ ಓಟ್ಸ್ ಪಾನೀಯಗಳಲ್ಲಿದೆ. ಓಟ್ಸನ್ನು ನೀರಿನಲ್ಲಿ ಅರೆದು ಅಮೈಲೇಸ್ ಎಂಬ ಕಿಣ್ವ ಹಾಕುತ್ತಾರೆ, ಅದು ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಮಾಡುತ್ತದೆ. ಹೊರಗಿನಿಂದ ಒಂದು ಚಮಚವೂ ಸೇರಿಸದೆ ಪಾನೀಯ ಸಿಹಿಯಾಗುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಓಟ್ಸ್ ಮತ್ತು ನೀರು ಮಾತ್ರ ಕಂಡು, ‘ಸಕ್ಕರೆ’ ಸಾಲಿನಲ್ಲಿ 100 ಮಿಲಿಲೀಟರಿಗೆ ಮೂರು ನಾಲ್ಕು ಗ್ರಾಂ ಕಂಡರೆ ಅದು ಬಂದದ್ದು ಹೀಗೆ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಮಾರ್ಗಸೂಚಿ ಈ ಎಲ್ಲ ದಾರಿಗಳನ್ನೂ ಹೆಸರಿಸಿಯೇ ಮುಚ್ಚಿದೆ: ಸಕ್ಕರೆಯ ಬದಲಿಗೆ ಹಣ್ಣಿನ ರಸದ ಸಾಂದ್ರವನ್ನೋ ಒಣಹಣ್ಣಿನ ಪೇಸ್ಟನ್ನೋ ಹಾಕಿದ್ದರೆ, ಕಿಣ್ವದಿಂದ ಪಿಷ್ಟ ಒಡೆದು ಸಕ್ಕರೆ ಹೆಚ್ಚಿಸಿದ್ದರೆ ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತು ಸಲ್ಲದು. ಮಾರ್ಗಸೂಚಿಯಲ್ಲಿ ಇರುವುದು ಪ್ಯಾಕೆಟ್ಟಿನ ಮೇಲೆ ಜಾರಿಯಾಗಲಿ ಎಂಬುದೇ ನಮ್ಮ ಮನವಿ.

‘ಶುಗರ್ ಫ್ರೀ’ಗೂ ಕೋಡೆಕ್ಸ್ ಮಿತಿ ಹಾಕಿದೆ: 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಸಕ್ಕರೆ 0.5 ಗ್ರಾಂ ಮೀರಬಾರದು. ಯುರೋಪಿನದೂ ಇದೇ ಮಿತಿ. ಅಮೆರಿಕದಲ್ಲಿ ಅಳತೆ ಬೇರೆ, ಒಂದು ಸಲದ ಪಾಲಿಗೆ 0.5 ಗ್ರಾಂಗಿಂತ ಕಡಿಮೆ ಇರಬೇಕು. ಪಾಲು ಚಿಕ್ಕದಿರುವ ಸರಕಿನಲ್ಲಿ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಒಂದು ಪಾಲು 5 ಗ್ರಾಂ ಇರುವ ಪುಡಿಯಲ್ಲಿ 0.4 ಗ್ರಾಂ ಸಕ್ಕರೆ ಇದ್ದರೆ ಅದು 100 ಗ್ರಾಂಗೆ 8 ಗ್ರಾಂ. ಪಾಲಿನ ಲೆಕ್ಕದಲ್ಲಿ ಅದು ಮಿತಿಯೊಳಗೆ, 100 ಗ್ರಾಂ ಲೆಕ್ಕದಲ್ಲಿ ಮಿತಿಯ ಹದಿನಾರು ಪಟ್ಟು. ಆದ್ದರಿಂದ ಕೊಳ್ಳುವವರು ‘ಒಂದು ಪಾಲಿಗೆ’ ಎಂಬ ಕಾಲಮ್ಮನ್ನು ಬದಿಗಿಟ್ಟು ‘100 ಗ್ರಾಂಗೆ’ ಎಂಬುದನ್ನೇ ಹುಡುಕಿ. ಅದಿಲ್ಲದಿದ್ದರೆ ಪಾಲಿನ ಅಂಕಿಯನ್ನು ಪಾಲಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿ.

‘ಡಯಾಬಿಟಿಕ್ ಫ್ರೆಂಡ್ಲಿ’ ಎಂಬುದಕ್ಕೆ ಇಂಥ ಅಳತೆಯೇ ಇಲ್ಲ. ‘ಶುಗರ್ ಫ್ರೀ’ಯನ್ನಾದರೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸರಿಯೋ ತಪ್ಪೋ ಹೇಳಬಹುದು, ಇದನ್ನು ಯಾವ ಪರೀಕ್ಷೆಗೆ ಒಡ್ಡುವುದು? ಯುರೋಪಿಯನ್ ಕಮಿಷನ್ ಈ ಪ್ರಶ್ನೆಯನ್ನು ಪರಿಶೀಲಿಸಿ, ಮಧುಮೇಹಿಗಳ ಆಹಾರಕ್ಕೆಂದು ಪ್ರತ್ಯೇಕ ನಿಯಮ ರೂಪಿಸಲು ವೈಜ್ಞಾನಿಕ ಆಧಾರವಿಲ್ಲ ಎಂದು 2008ರಲ್ಲಿ ವರದಿ ಕೊಟ್ಟಿತು. ಜರ್ಮನಿಯಲ್ಲಿ ಅಂಥ ಸರಕಿಗೆಂದೇ ನಿಯಮವಿತ್ತು, ಫ್ರಕ್ಟೋಸ್ ಮತ್ತು ಪಾಲಿಯೋಲ್ ಹಾಕಿದ ಚಾಕೊಲೇಟ್, ಬಿಸ್ಕತ್ತು, ಜಾಮ್ ಅಲ್ಲಿ ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. 2010ರಲ್ಲಿ ಆ ದೇಶ ಆ ವರ್ಗವನ್ನೇ ತೆಗೆದುಹಾಕಿ, ಬದಲಾವಣೆಗೆ 2012ರವರೆಗೆ ಕಾಲಾವಕಾಶ ಕೊಟ್ಟಿತು. ಆ ಸರಕಿನಿಂದ ಮಧುಮೇಹಿಗೆ ವಿಶೇಷ ಲಾಭವಿಲ್ಲ, ಅವರಿಗೆ ಬೇಕಾದ್ದು ಎಲ್ಲರಿಗೂ ಬೇಕಾದ ಒಳ್ಳೆಯ ಊಟವೇ ಎಂಬುದು ಅದರ ಹಿಂದಿನ ತೀರ್ಮಾನ.

‘ಲೋ ಜಿಐ’ ಎಂಬುದರ ಬಗ್ಗೆ ಸಂಕ್ಷೇಪವಾಗಿ: ಜಿಐ ಎಂದರೆ ಗ್ಲೈಸೆಮಿಕ್ ಇಂಡೆಕ್ಸ್, ಒಂದು ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಅಂಕಿ. ಜೀರ್ಣವಾಗುವ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಆಹಾರ ಕೊಟ್ಟು, ಜನರ ರಕ್ತ ಪರೀಕ್ಷಿಸಿ, ಗ್ಲೂಕೋಸ್‌ಗೆ ಹೋಲಿಸಿ ಆ ಅಂಕಿ ತೆಗೆಯುವುದು ರೂಢಿ. 55 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲೋ. ಪರೀಕ್ಷಿಸಬೇಕಾದದ್ದು ಸಿದ್ಧವಾದ ಬಿಸ್ಕತ್ತನ್ನು. ಒಳಗೆ ಹಾಕಿದ ಸಿಹಿಕಾರಕದ ಜಿಐ ಕಡಿಮೆ ಎಂದು ಬಿಸ್ಕತ್ತಿಗೂ ಆ ಹೆಸರು ಕೊಡುವುದು ಸರಿಯಲ್ಲ, ಹಿಟ್ಟು ಹಿಟ್ಟೇ ತಾನೇ. ಅಂಕಿಯಿಲ್ಲದೆ ‘ಲೋ ಜಿಐ’ ಎಂದಷ್ಟೇ ಬರೆದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ತಿನ್ನುವ ಮುಂಚೆ ಮತ್ತು ಎರಡು ಗಂಟೆಯ ನಂತರ ನೋಡಿಕೊಂಡು ಪ್ಯಾಕೆಟ್ಟನ್ನು ಪರೀಕ್ಷಿಸಬಹುದು, ಆದರೆ ಅದರ ಮಿತಿ ತಿಳಿದಿರಲಿ. ಒಳ್ಳೆಯ ಮೀಟರ್ ಕೂಡ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು ಎಂದು ಮಾನದಂಡವೇ ಒಪ್ಪುತ್ತದೆ. 150 ಬಂದದ್ದು 165 ಆದರೆ ಅದರಿಂದ ಏನನ್ನೂ ತೀರ್ಮಾನಿಸಲಾಗದು. ಬಿಸ್ಕತ್ತು, ಚಾಕೊಲೇಟ್‌ಗಳಲ್ಲಿ ಕೊಬ್ಬು ಜಾಸ್ತಿ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುವುದರಿಂದ ಏರಿಕೆ ಎರಡು ಗಂಟೆಯ ಆಚೆಗೂ ಹೋಗಬಹುದು. ಆದ್ದರಿಂದ ಒಂದೇ ಪ್ರಮಾಣವನ್ನು ಬೇರೆ ಬೇರೆ ದಿನ, ಬೇರೇನೂ ಜೊತೆಗೆ ತಿನ್ನದೆ, ಮೂರು ನಾಲ್ಕು ಸಲ ನೋಡಿ, ಮೂರನೆಯ ಗಂಟೆಯಲ್ಲೂ ಒಮ್ಮೆ ನೋಡಿ.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ, ಅದನ್ನು ಲೇಬಲ್‌ಗಳು ಹೇಳುವುದೇ ಇಲ್ಲ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ಇಳಿದು ಬೆವರು, ನಡುಕ ಬಂದಾಗ ತಕ್ಷಣ ಬೇಕಾದದ್ದು ಸುಮಾರು 15 ಗ್ರಾಂ ವೇಗವಾಗಿ ಹೀರಿಕೊಳ್ಳುವ ಸಕ್ಕರೆ. ಆ ಹೊತ್ತಿಗೆ ಕೈಗೆ ಸಿಕ್ಕಿದ ಶುಗರ್ ಫ್ರೀ ಮಿಠಾಯಿ, ಡಯಟ್ ಪಾನೀಯ ಕೊಟ್ಟರೆ ಬಾಯಿ ಸಿಹಿಯಾಗುತ್ತದೆ, ರಕ್ತದ ಶುಗರ್ ಮಾತ್ರ ಬೇಕಾದಷ್ಟು, ಬೇಕಾದ ವೇಗದಲ್ಲಿ ಏರುವುದಿಲ್ಲ. ಚಾಕೊಲೇಟ್, ಬಿಸ್ಕತ್ತುಗಳೂ ಕೊಬ್ಬಿನಿಂದಾಗಿ ನಿಧಾನ. ಮನೆಯವರಿಗೆ ಈ ಒಂದು ವಿಷಯ ತಿಳಿದಿರಲೇಬೇಕು: ಪ್ರಜ್ಞೆಯಿದ್ದು ನುಂಗಲು ಆಗುವವರಿಗೆ ಗ್ಲೂಕೋಸ್ ಅಥವಾ ಮಾಮೂಲಿ ಸಕ್ಕರೆ ಕದಡಿದ ನೀರೇ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.

ಮಾನ್ಯ ಅಧಿಕಾರಿಗಳೇ, ನಾವು ಕೇಳುವುದು ಹೊಸ ಸಂಶೋಧನೆಯನ್ನಲ್ಲ. ‘ಶುಗರ್ ಫ್ರೀ’ ಎಂದು ಮುಂಭಾಗದಲ್ಲಿ ಬರೆದಲ್ಲೆಲ್ಲ, ಅದೇ ಮುಂಭಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, 100 ಗ್ರಾಂಗೆ ಒಟ್ಟು ಕಾರ್ಬೋಹೈಡ್ರೇಟ್ ಮತ್ತು ಶಕ್ತಿ ಎಷ್ಟೆಂದು ಬರೆಯುವುದನ್ನು ಕಡ್ಡಾಯ ಮಾಡಿ. ನಮ್ಮ ಉದಾಹರಣೆಯಲ್ಲಿ ‘ಶುಗರ್ ಫ್ರೀ’ ಪಕ್ಕದಲ್ಲೇ ‘ಕಾರ್ಬೋಹೈಡ್ರೇಟ್ 65 ಗ್ರಾಂ, 440 ಕಿಲೋಕ್ಯಾಲರಿ’ ಎಂದಿದ್ದರೆ ಕೊಳ್ಳುವವರಿಗೆ ಈ ಪತ್ರದ ಅರ್ಧ ಬೇಕಾಗುತ್ತಿರಲಿಲ್ಲ. ಅಮೆರಿಕದ ನಿಯಮದಲ್ಲಿ ಇದರ ಒಂದು ಪಾಲು ಈಗಾಗಲೇ ಇದೆ: ಸರಕು ಕಡಿಮೆ ಕ್ಯಾಲರಿಯದಲ್ಲದಿದ್ದರೆ ‘ಶುಗರ್ ಫ್ರೀ’ ಜೊತೆಗೆ ‘ಇದು ಕಡಿಮೆ ಕ್ಯಾಲರಿಯ ಆಹಾರವಲ್ಲ’ ಎಂಬ ಅರ್ಥದ ಮಾತನ್ನೂ ಬರೆಯಬೇಕು. ‘ಕಡಿಮೆ ಮಾಡಿದ್ದು’ ಎನ್ನಲು ಹೋಲಿಕೆಯ ಸರಕಿಗಿಂತ ಕನಿಷ್ಠ ಶೇಕಡಾ 25 ವ್ಯತ್ಯಾಸ ಇರಬೇಕೆಂಬುದು ಕೋಡೆಕ್ಸ್ ನಿಲುವು. 484ಕ್ಕೂ 440ಕ್ಕೂ ಇರುವ ವ್ಯತ್ಯಾಸ ಶೇಕಡಾ 9 ಮಾತ್ರ, ಆ ಬಿಸ್ಕತ್ತು ‘ಕಡಿಮೆ ಕ್ಯಾಲರಿಯ ಆಹಾರವಲ್ಲ’ ಎಂಬ ಮಾತನ್ನು ಬರೆಯದೆ ಮಾರಾಟವಾಗಬಾರದು.

ಪಾಲಿಯೋಲ್‌ಗಳಿಗೆ ಪಟ್ಟಿಯಲ್ಲಿ ತಮ್ಮದೇ ಸಾಲು ಇರಲಿ, ಯಾವ ಪಾಲಿಯೋಲ್ ಎಷ್ಟು ಗ್ರಾಂ ಎಂದು ಬಿಡಿಬಿಡಿಯಾಗಿ. ಮಾಲ್ಟಿಟಾಲ್ ಮತ್ತು ಎರಿಥ್ರಿಟಾಲ್ ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟರೆ ಅರ್ಧದ ಲೆಕ್ಕ ಹಾಕುವುದಾದರೂ ಹೇಗೆ? ಪಾಲಿಯೋಲ್ ಶೇಕಡಾ 10 ಮೀರಿದರೆ ‘ಹೆಚ್ಚು ತಿಂದರೆ ಭೇದಿಯಾಗಬಹುದು’ ಎಂಬ ಎಚ್ಚರಿಕೆ ಯುರೋಪಿನಲ್ಲಿ ಕಡ್ಡಾಯ, ಅದೂ ಓದಲು ಬರುವ ಅಕ್ಷರದಲ್ಲಿರಲಿ. ಮಾಲ್ಟೋಡೆಕ್ಸ್‌ಟ್ರಿನ್ ಹಾಕಿದ ಸರಕು ‘ಶುಗರ್ ಫ್ರೀ’ ಎಂದು ಹೇಳಿಕೊಳ್ಳುವುದಾದರೆ ಅದರ ಪ್ರಮಾಣವನ್ನು ಶೇಕಡಾವಾರು ಬರೆಯಲಿ. ನಾರು ಕಾರ್ಬೋಹೈಡ್ರೇಟ್‌ನ ಒಳಗೋ ಹೊರಗೋ ಎಂದು ಒಂದು ಸಾಲಿನಲ್ಲಿ ತಿಳಿಸಲಿ, ‘ನೆಟ್ ಕಾರ್ಬ್’ ಎಂಬ ಅಂಕಿಯನ್ನು ಅದರ ಲೆಕ್ಕ ತೋರಿಸದೆ ಮುದ್ರಿಸುವಂತಿರಬಾರದು. ‘ಡಯಾಬಿಟಿಕ್ ಫ್ರೆಂಡ್ಲಿ’, ‘ಮಧುಮೇಹಿಗಳಿಗೆ ಸೂಕ್ತ’ ಎಂಬ ಮಾತುಗಳನ್ನು, ಹೃದಯ ಅಥವಾ ಗ್ಲೂಕೋಮೀಟರ್ ಚಿತ್ರದ ಮೂಲಕ ಅದನ್ನೇ ಸೂಚಿಸುವುದನ್ನೂ ಸೇರಿಸಿ, ಮಾಮೂಲಿ ತಿನಿಸುಗಳ ಮೇಲೆ ನಿಷೇಧಿಸಿ.

ಕೊಳ್ಳುವವರಿಗೆ ಒಂದು ಕೆಲಸ ಉಳಿದಿದೆ. ತಪ್ಪು ಕಂಡ ಪ್ಯಾಕೆಟ್ಟನ್ನು ಎಸೆಯಬೇಡಿ. ಮುಂಭಾಗ, ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಪಟ್ಟಿ, ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ಇರುವ ಭಾಗ, ಈ ನಾಲ್ಕರ ಫೋಟೋ ಸ್ಪಷ್ಟವಾಗಿ ತೆಗೆದು, ಬಿಲ್ ಜೊತೆಗಿಟ್ಟು, ಯಾವ ಮಾತು ಯಾವ ಅಂಕಿಗೆ ಹೊಂದುತ್ತಿಲ್ಲ ಎಂದು ಎರಡು ಸಾಲಿನಲ್ಲಿ ಬರೆದು ಆಹಾರ ಸುರಕ್ಷತೆಯ ಕಚೇರಿಗೆ ಕಳಿಸಿ. ‘ಈ ಬಿಸ್ಕತ್ತು ತಿಂದು ನನ್ನ ಶುಗರ್ ಏರಿತು’ ಎಂಬ ದೂರಿಗಿಂತ ‘ನೆಟ್ ಕಾರ್ಬ್ 42 ಎಂದು ಬರೆದಿದ್ದಾರೆ, ಕ್ಯಾಲರಿ ಲೆಕ್ಕದ ಪ್ರಕಾರ ನಾರನ್ನು ಎರಡು ಸಲ ಕಳೆದಿದ್ದಾರೆ’ ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ. ಬ್ಯಾಚ್ ಸಂಖ್ಯೆ ಇದ್ದರೆ ಅದೇ ಬ್ಯಾಚಿನ ಸರಕನ್ನು ಕಚೇರಿಯವರು ತರಿಸಿ ಪ್ರಯೋಗಾಲಯಕ್ಕೆ ಕಳಿಸಬಹುದು. ಅಂಥ ದೂರು ಬಂದಾಗ ಒಟ್ಟು ಕಾರ್ಬೋಹೈಡ್ರೇಟ್, ಪಾಲಿಯೋಲ್ ಮತ್ತು ಸಕ್ಕರೆ ಮೂರನ್ನೂ ಪರೀಕ್ಷಿಸಿ ಎಂದು ಅಧಿಕಾರಿಗಳಲ್ಲಿ ನಮ್ಮ ವಿನಂತಿ. ಸಕ್ಕರೆಯೊಂದನ್ನೇ ಅಳೆದು ‘0.4 ಇದೆ, ಸರಿಯಾಗಿದೆ’ ಎಂದು ಕಡತ ಮುಚ್ಚಬೇಡಿ.

ಇಂತಿ,
ಆಹಾರ ವಿಶ್ಲೇಷಣೆ ಮತ್ತು ಪಥ್ಯಾಹಾರ ಸಲಹೆಯ ಕೆಲಸದಲ್ಲಿರುವವರು